ವರದಿ ಒಂದು, ಅಫಿಡವಿಟ್ ಮೂರು

ದುಬೈ ಬಿಟ್ಟು ಜಪಾನಿನ ನಗೋಯಾಕ್ಕೆ ಬಂದಿದ್ದ ನಮಗೆ ಮತ್ತೆ ಗಲ್ಫಿನಲ್ಲಿ ಕೆಲಸ ಸಿಕ್ಕಿತ್ತು. ಅಟೆಸ್ಟೇಷನ್‌ಗೆ ಮೂಲ ಪ್ರಮಾಣಪತ್ರಗಳೇ ಬೇಕು. ಅವನ್ನಿಟ್ಟಿದ್ದ ಫೈಲನ್ನು ಮೆಟ್ರೋದಲ್ಲಿ ಮರೆತು ಇಳಿದೆವು. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿಗಳು, ಪದವಿ ಪ್ರಮಾಣಪತ್ರ, ಎಲ್ಲವೂ ಅದರಲ್ಲೇ ಇದ್ದವು.

ಊರಲ್ಲಿದ್ದ ತಮ್ಮ, "ಇಲ್ಲೇ ಕಳೆದುಹೋಯಿತು ಅಂತ ಬೆಂಗಳೂರು ಪೊಲೀಸರ ಆನ್‌ಲೈನ್ ಇ-ಲಾಸ್ಟ್‌ನಲ್ಲಿ ಹಾಕಿಬಿಡಲಾ?" ಎಂದ. ಬೇಡವೆಂದೆವು. ಕಳೆದ ಜಾಗವನ್ನೇ ಸುಳ್ಳು ಬರೆದರೆ, ಮುಂದೆ ಪ್ರಮಾಣ ಮಾಡಿ ಸಹಿ ಹಾಕುವ ಅಫಿಡವಿಟ್ಟೂ ಸುಳ್ಳಾಗುತ್ತದೆ.

ಹತ್ತಿರದ ಕೋಬಾನ್, ಅಂದರೆ ಬೀದಿಬದಿಯ ಪುಟ್ಟ ಪೊಲೀಸ್ ಚೌಕಿಗೆ ಹೋಗಿ 'ಇಶಿತ್ಸು ತೊದೊಕೆ' ಎಂಬ ಕಳೆದ ವಸ್ತುವಿನ ವರದಿ ಕೊಟ್ಟೆವು. ಅದಕ್ಕೊಂದು ಸ್ವೀಕೃತಿ ಸಂಖ್ಯೆ ಬಂತು. ಜಪಾನಿನಲ್ಲಿ ಸಿಕ್ಕ ವಸ್ತುವನ್ನು ಪೊಲೀಸರು ಮೂರು ತಿಂಗಳು ಇಟ್ಟಿರುತ್ತಾರೆ, ಹಾಗಾಗಿ ಕೆಲವು ವಾರ ವಿಚಾರಿಸುತ್ತಲೇ ಇದ್ದೆವು. ಫೈಲು ಸಿಗಲಿಲ್ಲ. ವರದಿಯ ದಾಖಲೆಯನ್ನು ಇಂಗ್ಲಿಷಿಗೆ ಅನುವಾದಿಸಿಕೊಂಡೆವು.

ಮುಂದಿನದು ಅಫಿಡವಿಟ್. ಅದನ್ನು ಭಾರತದ ರಾಯಭಾರ ಕಚೇರಿಯ ಅಧಿಕಾರಿಯ ಮುಂದೆ ಮಾಡಿಸಬಹುದು. 1948ರ ಕಾಯ್ದೆಯೊಂದರ ಪ್ರಕಾರ ಅಲ್ಲಿ ಮಾಡಿದ ಪ್ರಮಾಣಕ್ಕೆ ಭಾರತದಲ್ಲಿ ಮಾಡಿದಷ್ಟೇ ಬೆಲೆ. ನಾವು ಮೊದಲು ಒಂದೇ ಅಫಿಡವಿಟ್ ಮಾಡಿಸಿ "ನನ್ನ ಎಲ್ಲ ಅಂಕಪಟ್ಟಿಗಳು ಕಳೆದುಹೋಗಿವೆ" ಎಂದು ಬರೆಸಿದ್ದೆವು. ಒಂದು ಕಚೇರಿ ಅದನ್ನು ಹಿಂದಿರುಗಿಸಿತು. ಯಾವ ಪತ್ರ, ಯಾವ ವರ್ಷ, ಯಾವ ನೋಂದಣಿ ಸಂಖ್ಯೆ ಎಂಬುದು ಅದರಲ್ಲಿ ಇರಲಿಲ್ಲ. ಇನ್ನೊಂದು ಕಚೇರಿ ಮೂಲ ಪ್ರತಿಯನ್ನೇ ತನ್ನ ಕಡತಕ್ಕೆ ಸೇರಿಸಿಕೊಳ್ಳುವುದಾಗಿ ಹೇಳಿತು. ಹಾಗಾದರೆ ಮೂರನೆಯ ಕಚೇರಿಗೆ ಏನು ಕೊಡುವುದು?

ಎರಡನೇ ಸಲ ಬುದ್ಧಿ ಬಂತು. ವರದಿ ಒಂದೇ, ಅಫಿಡವಿಟ್ ಮಾತ್ರ ಪತ್ರಕ್ಕೊಂದು. ಪ್ರತಿಯೊಂದರಲ್ಲೂ ಪ್ರಮಾಣಪತ್ರದಲ್ಲಿ ಇದ್ದಂತೆಯೇ ಹೆಸರು, ನೋಂದಣಿ ಸಂಖ್ಯೆ, ಪಾಸಾದ ವರ್ಷ, ಕಳೆದ ದಿನ ಮತ್ತು ಸ್ಥಳ, ಪೊಲೀಸ್ ವರದಿಯ ಸಂಖ್ಯೆ ಬರೆಸಿದೆವು. ಪತ್ರವನ್ನು ಎಲ್ಲೂ ಅಡವಿಟ್ಟಿಲ್ಲ, ಮೂಲ ಸಿಕ್ಕರೆ ಒಪ್ಪಿಸುತ್ತೇವೆ ಎಂದೂ ಸೇರಿಸಿದೆವು. ಶಾಲೆಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು ಇದ್ದದ್ದರಿಂದ ಎರಡೂ ಒಬ್ಬರದೇ ಎಂದು ಒಂದು ಸಾಲು ಬೇಕಾಯಿತು.

ನಂಬರು ನೆನಪಿರಲಿಲ್ಲ. ಹಳೆಯ ಜೆರಾಕ್ಸ್ ಪ್ರತಿಗಳು ಮನೆಯಲ್ಲಿದ್ದವು, ಅವೇ ಕಾಪಾಡಿದವು. ತಮ್ಮನಿಗೆ ಅಧಿಕಾರ ಪತ್ರ ಕೊಟ್ಟೆವು. ಅವನು ಎಸ್ಸೆಸ್ಸೆಲ್ಸಿಗೆ ನಮ್ಮ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ, ಪಿಯುಸಿಗೆ ಕಾಲೇಜಿನ ಮೂಲಕ, ಪದವಿಗೆ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ. ಬಂದ ಪತ್ರಗಳ ಮೇಲೆ 'ನಕಲು' ಎಂಬ ಮುದ್ರೆಯಿತ್ತು. ಅಟೆಸ್ಟೇಷನ್‌ಗೆ ಅದು ನಡೆಯುತ್ತದೆಯೇ ಎಂದು ಹೊಸ ಕಂಪನಿಯನ್ನು ಮೊದಲೇ ಕೇಳಿಟ್ಟುಕೊಂಡಿದ್ದೆವು.

ಗಲ್ಫಿನಲ್ಲೂ ದಾರಿ ಇದೇ: ಕಳೆದ ಊರಿನ ಪೊಲೀಸರಲ್ಲಿ ವರದಿ, ಅರಬಿಯಲ್ಲಿದ್ದರೆ ಅನುವಾದ, ಆಮೇಲೆ ನಮ್ಮ ರಾಯಭಾರ ಕಚೇರಿಯಲ್ಲಿ ಅಫಿಡವಿಟ್. ಇವತ್ತು ರಾತ್ರಿಯೇ ನಿಮ್ಮ ಪ್ರಮಾಣಪತ್ರಗಳ ಎರಡೂ ಬದಿಯ ಫೋಟೊ ತೆಗೆದು ಊರಿಗೆ ಕಳಿಸಿಡಿ. ನಂಬರಿಲ್ಲದೆ ಈ ಮೂರೂ ಹೆಜ್ಜೆ ಅಲ್ಲೇ ನಿಲ್ಲುತ್ತವೆ.