ಎಚ್‌ಆರ್‌ಗೆ ದೂರು ಕೊಡ್ತೀರಾ? ಸಿಟ್ಟು ಬದಿಗಿರಲಿ, ಲೆಕ್ಕ ಮುಂದಿರಲಿ

ಯಡಿಯೂರು: ಜಯನಗರ, ಬನಶಂಕರಿಯ ಶೋರೂಂ, ಆಫೀಸುಗಳಲ್ಲಿ ದುಡಿದು ರಾತ್ರಿ ಒಂಬತ್ತಕ್ಕೆ ಮನೆ ಸೇರುವವರು ನಮ್ಮ ಏರಿಯಾದಲ್ಲಿ ಕಡಿಮೆ ಇಲ್ಲ. ಹೆಚ್ಚುವರಿ ಗಂಟೆಗಳಿಗೆ ದುಡ್ಡು ಬರದಿದ್ದರೆ ಸಿಟ್ಟು ಬರೋದು ಸಹಜ. ಆದರೆ ಅದೇ ಸಿಟ್ಟಲ್ಲಿ ಎಚ್‌ಆರ್‌ಗೆ ಮೇಲ್ ಹಾಕಿದರೆ ಏನಾಗುತ್ತೆ ನೋಡಿ.

"ಮ್ಯಾನೇಜರ್ ಕತ್ತೆ ಥರ ದುಡಿಸ್ತಾರೆ, ಯಾವಾಗಲೂ ಲೇಟಾಗಿ ಬಿಡ್ತಾರೆ" ಅಂತ ಬರೆದಿರಿ ಅನ್ನಿ. ಎಚ್‌ಆರ್‌ನವರು ಸಾಮಾನ್ಯವಾಗಿ ಮ್ಯಾನೇಜರ್ ಬಳಿ ವಿವರಣೆ ಕೇಳುತ್ತಾರೆ. "ಯಾವಾಗಲೂ ಅನ್ನೋದು ಸುಳ್ಳು, ಹೋದ ಮಂಗಳವಾರ ಆರೂವರೆಗೇ ಹೋಗಿದ್ದಾರೆ" ಅಂತ ಅವರು ಒಂದು ಸಾಲು ಬರೆದರೆ ಸಾಕು. ಗಂಟೆಗಳ ವಿಚಾರ ಹೋಗಿ ನಿಮ್ಮ ಭಾಷೆಯೇ ವಿಚಾರಣೆಗೆ ಬರುತ್ತೆ.

ಅದೇ ದೂರನ್ನು ಹೀಗೆ ಬರೆಯಬಹುದು: "ನನ್ನ ಪಾಳಿ ಬೆಳಗ್ಗೆ 9.30ರಿಂದ ಸಂಜೆ 6.30, ಊಟಕ್ಕೆ ಒಂದು ಗಂಟೆ, ವಾರಕ್ಕೆ ಆರು ದಿನ. ಕಳೆದ ತಿಂಗಳು ಈ ಕೆಳಗಿನ 7 ದಿನ ಸ್ಟಾಕ್ ಎಂಟ್ರಿಗಾಗಿ 8.30ರವರೆಗೆ ಇದ್ದೆ. ಒಟ್ಟು 14 ಗಂಟೆ. ಸಂಬಳದ ಚೀಟಿಯಲ್ಲಿ ಇದಕ್ಕೆ ಹಣ ಸೇರಿಲ್ಲ. ಪಂಚಿಂಗ್ ದಾಖಲೆ ನೋಡಿ, ಲೆಕ್ಕವನ್ನು ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇನೆ." ಕೆಳಗೆ ಆ ಏಳೂ ತಾರೀಖು, ಉಳಿಯಲು ಹೇಳಿದವರು ಯಾರು ಅನ್ನೋದು. ಅಷ್ಟೇ. ಇಲ್ಲಿ ಅಲ್ಲಗಳೆಯಬೇಕಾದರೆ ಕಂಪನಿ ತನ್ನದೇ ಪಂಚಿಂಗ್ ದಾಖಲೆಯನ್ನೇ ಅಲ್ಲಗಳೆಯಬೇಕು!

ಈ ಲೆಕ್ಕಕ್ಕೆ ಕಾನೂನಿನ ಬಲವೂ ಇದೆ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ದಿನಕ್ಕೆ 9 ಅಥವಾ ವಾರಕ್ಕೆ 48 ಗಂಟೆ ಮೀರಿದ ಕೆಲಸಕ್ಕೆ ಮಾಮೂಲಿ ಸಂಬಳದ ಎರಡರಷ್ಟು ಕೊಡಬೇಕು. ಮೇಲಿನ ಉದಾಹರಣೆಯಲ್ಲಿ ಪಾಳಿಯೇ 48 ಗಂಟೆ, ಹಾಗಾಗಿ ಆ ವಾರದ ಆರೂ ದಿನ ಕೆಲಸಕ್ಕೆ ಬಂದಿದ್ದರೆ ಎರಡು ಗಂಟೆಯೂ ಲೆಕ್ಕಕ್ಕೆ ಬರುತ್ತೆ. ಮಧ್ಯೆ ಒಂದು ದಿನ ರಜೆ ಹಾಕಿದ್ದರೆ ಲೆಕ್ಕ ಬೇರೆ, ಅದನ್ನು ಮುಚ್ಚಿಡಬೇಡಿ. ಒಂದು ತಾರೀಖು ತಪ್ಪಾದರೂ ಉಳಿದ ಆರನ್ನೂ ಅನುಮಾನಿಸುತ್ತಾರೆ. ಆಡಳಿತದ ಹುದ್ದೆಯಲ್ಲಿ ಇರುವವರಿಗೆ ಈ ಕಾಯ್ದೆ ಅನ್ವಯಿಸಲ್ಲ.

ತಾರೀಖುಗಳನ್ನು ಅವತ್ತವತ್ತೇ ನಿಮ್ಮ ಸ್ವಂತ ಡೈರಿಯಲ್ಲಿ ಬರೆದಿಡಿ. ಕೆಲಸ ಬಿಟ್ಟ ದಿನವೇ ಆಫೀಸ್ ಮೇಲ್ ಬಂದ್ ಆಗುತ್ತೆ, ಆಮೇಲೆ ಹುಡುಕಲು ಏನೂ ಸಿಗಲ್ಲ. ಹಾಗಂತ ಗ್ರಾಹಕರ ಫೈಲುಗಳನ್ನು ಸ್ವಂತ ಮೇಲ್‌ಗೆ ಕಳಿಸಿಕೊಂಡರೆ ತಪ್ಪು ನಿಮ್ಮ ಕಡೆಗೇ ತಿರುಗುತ್ತೆ.

ಲೈಂಗಿಕ ಕಿರುಕುಳದ ದಾರಿ ಮಾತ್ರ ಬೇರೆ. 2013ರ ಕಾಯ್ದೆಯಂತೆ ಮಹಿಳೆಯರು ಮೂರು ತಿಂಗಳೊಳಗೆ ಕಂಪನಿಯ ಆಂತರಿಕ ಸಮಿತಿಗೆ ಲಿಖಿತ ದೂರು ಕೊಡಬೇಕು, ಎಚ್‌ಆರ್ ಜೊತೆ ಮಾತಾಡಿದ್ದು ಅದಕ್ಕೆ ಸಮವಲ್ಲ. ಅಲ್ಲಿ ದನಿ ನಡುಗಿದರೂ ಪರವಾಗಿಲ್ಲ, ತಾರೀಖು ಇರಲಿ.

ಎಚ್‌ಆರ್ ಸಂಬಳ ತೆಗೆದುಕೊಳ್ಳುವುದು ಕಂಪನಿಯಿಂದಲೇ ಅನ್ನೋದು ನೆನಪಿರಲಿ. ಉತ್ತರ ಬರದಿದ್ದರೆ ಅದೇ ಪತ್ರದ ಪ್ರತಿ ಹಿಡಿದು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಬಹುದು. ಕಾರ್ಮಿಕ ಇಲಾಖೆಯವರೂ ಮೊದಲು ಕೇಳೋದು ತಾರೀಖನ್ನೇ.