ಕೆಂಗಣ್ಣು ಬಂದಾಗ ವಾರ್ಡನ್‌ಗೆ ಬರೆಯುವ ಪತ್ರ

2023ರ ಮಳೆಗಾಲದಲ್ಲಿ ಕರ್ನಾಟಕದಲ್ಲಿ ಮದ್ರಾಸ್ ಐ ವ್ಯಾಪಕವಾಗಿ ಹಬ್ಬಿತ್ತು. ಇಂಥ ಸೋಂಕು ಬೇಗ ಹರಡುವ ಜಾಗಗಳಲ್ಲಿ ಹಾಸ್ಟೆಲ್ ಒಂದು. ಅಲ್ಲಿ ನಲ್ಲಿ, ಬಕೆಟ್, ಬಾಗಿಲ ಚಿಲಕ ಎಲ್ಲರಿಗೂ ಒಂದೇ. ಹಾಗಾಗಿ ಕಣ್ಣು ಕೆಂಪಾದ ದಿನವೇ ವಾರ್ಡನ್ ಕೈಗೆ ಪತ್ರವೊಂದು ಸೇರಬೇಕು. ಅದು ಹೀಗಿರಲಿ:

ಮಾನ್ಯ ನಿಲಯಪಾಲಕರಿಗೆ,
ವಿಷಯ: ಕಣ್ಣಿನ ಸೋಂಕಿನ ಕಾರಣ ಪ್ರತ್ಯೇಕ ಕೊಠಡಿ ಕೋರಿ.
ಸರ್, ನಾನು 12ನೇ ಕೊಠಡಿಯಲ್ಲಿದ್ದೇನೆ. ನಿನ್ನೆ ಬೆಳಿಗ್ಗೆ ಬಲಗಣ್ಣು ಕೆಂಪಾಗಿ ನೀರು ಸುರಿಯತೊಡಗಿತು, ಇಂದು ಎಡಗಣ್ಣಿಗೂ ಬಂದಿದೆ. ಇದು ಅಂಟುವ ವೈರಸ್ ಸೋಂಕು ಎಂದು ವೈದ್ಯರು ಹೇಳಿದ್ದಾರೆ. ಅವರ ಚೀಟಿ ಲಗತ್ತಿಸಿದ್ದೇನೆ. ಕೊಠಡಿಯಲ್ಲಿ ಇನ್ನೂ ಮೂವರಿದ್ದು, ನಿನ್ನೆಯವರೆಗೆ ಒಂದೇ ಬಕೆಟ್ ಬಳಸಿದ್ದೇವೆ. ಕಣ್ಣಿನ ಕೆಂಪು ಇಳಿದು ನೀರು ನಿಲ್ಲುವವರೆಗೆ ನನಗೆ ಬೇರೆ ಕೊಠಡಿ ಕೊಟ್ಟು, ಊಟವನ್ನು ಅಲ್ಲಿಗೇ ಕಳುಹಿಸುವ ವ್ಯವಸ್ಥೆ ಮಾಡಬೇಕೆಂದು ಕೋರುತ್ತೇನೆ.
ತಮ್ಮ ವಿಧೇಯ ವಿದ್ಯಾರ್ಥಿ

ಇದರಲ್ಲಿ ಶುರುವಾದ ದಿನ ಮುಖ್ಯ. ಸಾಮಾನ್ಯವಾಗಿ ಈ ಸೋಂಕಿಗೆ ಕಾರಣವಾಗುವ ಅಡೆನೊವೈರಸ್ ಎರಡು ವಾರದವರೆಗೂ ಇತರರಿಗೆ ಅಂಟಬಲ್ಲದು. ಅದಕ್ಕೇ ‘ಎರಡು ದಿನ ಕೊಠಡಿ ಕೊಡಿ’ ಎಂದು ಕೇಳದೆ, ಕಣ್ಣು ತಿಳಿಯಾಗುವವರೆಗೆ ಎಂದು ಕೇಳಬೇಕು. ಜೊತೆಗಿರುವವರ ವಿವರವೂ ಬೇಕು. ವೈರಸ್ ತಗುಲಿದ ಮೇಲೆ ಕಣ್ಣು ಕೆಂಪಾಗಲು ಐದರಿಂದ ಹನ್ನೆರಡು ದಿನ ಹಿಡಿಯಬಹುದು. ಇಂದು ಆರೋಗ್ಯವಾಗಿ ಕಾಣುವ ಗೆಳೆಯನ ಮೇಲೂ ವಾರ್ಡನ್ ಕಣ್ಣಿಟ್ಟಿರಬೇಕಾಗುತ್ತದೆ.

ಸೋಂಕಿತರನ್ನು ನೋಡಿದ ಮಾತ್ರಕ್ಕೆ ಕೆಂಗಣ್ಣು ಬರುವುದಿಲ್ಲ. ಕಣ್ಣೊರೆಸಿದ ಕೈ ಚಿಲಕ ಮುಟ್ಟುತ್ತದೆ, ಅದೇ ಚಿಲಕ ಮುಟ್ಟಿದ ಇನ್ನೊಬ್ಬರು ತಮ್ಮ ಕಣ್ಣುಜ್ಜಿಕೊಳ್ಳುತ್ತಾರೆ. ಟವೆಲ್, ದಿಂಬಿನ ಕವರ್, ಕಾಡಿಗೆ ಡಬ್ಬಿ, ಹಂಚಿಕೊಂಡ ಡ್ರಾಪ್ಸ್ ಬಾಟಲಿಯಿಂದಲೂ ಹರಡುತ್ತದೆ. ಒಣಗಿದ ಮೇಲ್ಮೈಯಲ್ಲೂ ಈ ವೈರಸ್ ಹಲವು ದಿನ ಬದುಕುತ್ತದೆ. ಸ್ಯಾನಿಟೈಸರನ್ನೇ ನೆಚ್ಚಿಕೊಳ್ಳದೆ ಸೋಪು ಹಚ್ಚಿ ಕೈ ತೊಳೆಯಬೇಕು. ಚಿಲಕ, ನಲ್ಲಿಗಳನ್ನು ಬ್ಲೀಚಿಂಗ್ ದ್ರಾವಣದಿಂದ ಒರೆಸಬೇಕು.

ಖಾಲಿ ಕೊಠಡಿಯೇ ಇಲ್ಲದಿದ್ದರೆ ಸೋಂಕು ತಗುಲಿದವರನ್ನೆಲ್ಲ ಒಂದೇ ಕೋಣೆಯಲ್ಲಿರಿಸಿ, ಅವರಿಗೆ ಒಂದು ಶೌಚಾಲಯ ಮೀಸಲಿಡಬಹುದು. ಬೇರೆ ಕೊಠಡಿ ಸಿಕ್ಕರೂ ಸ್ನಾನದ ಮನೆ ಎಲ್ಲರದ್ದೇ ಆಗಿದ್ದರೆ ಕೊಠಡಿಯಿಂದ ಸಿಗುವ ಪ್ರಯೋಜನ ಅರ್ಧ ಮಾತ್ರ. ಬಸ್ಸು ಹತ್ತಿ ಊರಿಗೆ ಹೋದರೆ ಸೋಂಕೂ ಜೊತೆಗೆ ಹೋಗುತ್ತದೆ.

ವೈರಸ್‌ನಿಂದ ಬಂದ ಕೆಂಗಣ್ಣು ಬಹುಮಟ್ಟಿಗೆ ತಾನಾಗಿಯೇ ವಾಸಿಯಾಗುತ್ತದೆ. ಆಂಟಿಬಯೋಟಿಕ್ ಡ್ರಾಪ್ಸ್ ವೈರಸ್ಸನ್ನು ಕೊಲ್ಲುವುದಿಲ್ಲ. ವೈದ್ಯರು ಹೇಳದೆ ಸ್ಟೀರಾಯ್ಡ್ ಡ್ರಾಪ್ಸ್ ಹಾಕಬಾರದು. ಕಾಂಟ್ಯಾಕ್ಟ್ ಲೆನ್ಸ್ ತೆಗೆದಿಡಬೇಕು. ಕಣ್ಣು ತೀವ್ರವಾಗಿ ನೋಯುತ್ತಿದ್ದರೆ, ಬೆಳಕು ನೋಡಲಾಗದಿದ್ದರೆ, ಗೀಜು ಒರೆಸಿದ ಮೇಲೂ ದೃಷ್ಟಿ ಮಂಜಾಗಿದ್ದರೆ ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಬೇಕು.