ಅಂಗಡಿ ಮುಚ್ಚುವಾಗ ಮೊದಲ ಕಂತು ಯಾರಿಗೆ?

ಪಾಲುದಾರಿಕೆಯ ಅಂಗಡಿ ಮುಚ್ಚಿದಾಗ ಹಣ ಒಂದೇ ದಿನ ಕೈಗೆ ಬರುವುದಿಲ್ಲ. ದಾಸ್ತಾನು ಈ ತಿಂಗಳು ಖರ್ಚಾದರೆ ಹಳೆ ಬಾಕಿ ಮುಂದಿನ ತಿಂಗಳು ವಸೂಲಾಗುತ್ತದೆ, ಕಟ್ಟಡದ ಅಡ್ವಾನ್ಸ್ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಬಂದಷ್ಟನ್ನು ಆಗಾಗ ಹಂಚಿಕೊಳ್ಳೋಣ ಎಂದು ಪಾಲುದಾರರು ಬಯಸುವುದು ಸಹಜ. ಆದರೆ ಒಟ್ಟು ನಷ್ಟ ಎಷ್ಟೆಂದು ಆಗ ಯಾರಿಗೂ ಗೊತ್ತಿರುವುದಿಲ್ಲ.

1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 48ನೇ ಕಲಮು ಸರದಿಯನ್ನು ಹೇಳುತ್ತದೆ: ಮೊದಲು ಹೊರಗಿನವರ ಸಾಲ, ಆಮೇಲೆ ಪಾಲುದಾರರು ಸಂಸ್ಥೆಗೆ ಕೊಟ್ಟ ಸಾಲ, ಅದರ ನಂತರ ಬಂಡವಾಳ. ಬಂಡವಾಳದ ಹಣ ಕಂತುಕಂತಾಗಿ ಬಂದರೆ ಯಾವ ಕಂತು ಯಾರಿಗೆ ಎಷ್ಟು ಎಂಬ ಲೆಕ್ಕವನ್ನು ಅದು ಬಿಡಿಸಿ ಹೇಳುವುದಿಲ್ಲ. ಲೆಕ್ಕಿಗರು ಇಲ್ಲಿ ಬಳಸುವುದು ಗರಿಷ್ಠ ನಷ್ಟ ವಿಧಾನ. ಪ್ರತಿ ಸಲ ಹಂಚುವಾಗಲೂ, ಇನ್ನು ಮುಂದೆ ಒಂದು ಕಾಸೂ ಬರುವುದಿಲ್ಲ ಎಂದೇ ಎಣಿಸಿ ಲೆಕ್ಕ ಹಾಕುವುದು ಇದರ ತಿರುಳು.

ಅಣ್ಣ, ತಮ್ಮ, ಭಾವ ಮೂವರೂ ಸೇರಿ ಜವಳಿ ಅಂಗಡಿ ನಡೆಸುತ್ತಿದ್ದರು ಎಂದಿಟ್ಟುಕೊಳ್ಳೋಣ. ಅಣ್ಣನ ಬಂಡವಾಳ 5 ಲಕ್ಷ, ತಮ್ಮನದು 3 ಲಕ್ಷ, ಭಾವನದು 1 ಲಕ್ಷ. ಲಾಭ ನಷ್ಟದಲ್ಲಿ ಮೂವರಿಗೂ ಸಮಪಾಲು. ದಾಸ್ತಾನು ಮಾರಿ ಮೊದಲು ಬಂದ ಹಣ ಸಗಟು ವ್ಯಾಪಾರಿಗಳ ಬಾಕಿಗೇ ಹೋಯಿತು. ಅದಾದ ಮೇಲೆ 2,40,000 ರೂಪಾಯಿ ಕೈಗೆ ಬಂತು. 'ತಲೆಗೆ 80 ಸಾವಿರ' ಎಂದು ಭಾವ ಹೇಳಬಹುದು. ನಷ್ಟದಲ್ಲಿ ಸಮಪಾಲು ಇರುವಾಗ ಹಣದಲ್ಲೂ ಇರಬೇಡವೇ ಎನ್ನುವ ಅವರ ವಾದ ಕೇಳಲು ನ್ಯಾಯವಾಗಿಯೇ ಇದೆ.

ಲೆಕ್ಕ ಹಾಗೆ ಹೇಳುವುದಿಲ್ಲ. ಒಟ್ಟು ಬಂಡವಾಳ 9 ಲಕ್ಷ, ಕೈಯಲ್ಲಿರುವುದು 2,40,000. ಮುಂದೆ ಏನೂ ಬಾರದಿದ್ದರೆ ನಷ್ಟ 6,60,000, ಅಂದರೆ ತಲಾ 2,20,000. ಇದನ್ನು ಕಳೆದರೆ ಅಣ್ಣನಿಗೆ 2,80,000, ತಮ್ಮನಿಗೆ 80,000 ಉಳಿಯುತ್ತದೆ. ಭಾವನ ಖಾತೆ ಮಾತ್ರ 1,20,000 ಕೊರತೆಗೆ ಇಳಿಯುತ್ತದೆ. ಆ ಕೊರತೆ ಭಾವನಿಂದ ಬರುವುದಿಲ್ಲ ಎಂದೂ ಎಣಿಸಬೇಕು. ಹಾಗಾದರೆ ಅದನ್ನು ಹೊರುವವರು ಯಾರು? ಇಂಗ್ಲೆಂಡಿನಲ್ಲಿ ತೀರ್ಮಾನವಾದ ಗಾರ್ನರ್ ಮತ್ತು ಮರ್ರೆ ಮೊಕದ್ದಮೆಯ ಪ್ರಕಾರ, ಉಳಿದ ಪಾಲುದಾರರು ಅದನ್ನು ಲಾಭದ ಅನುಪಾತದಲ್ಲಿ ಅಲ್ಲ, ವಿಸರ್ಜನೆಗೆ ಮುಂಚಿನ ಬಂಡವಾಳದ ಅನುಪಾತದಲ್ಲಿ ಹೊರಬೇಕು. ಇಲ್ಲಿ ಅದು 5:3. ಅಣ್ಣನ ಮೇಲೆ 75,000, ತಮ್ಮನ ಮೇಲೆ 45,000 ಬೀಳುತ್ತದೆ. ಮೊದಲ ಕಂತಿನಲ್ಲಿ ಅಣ್ಣನಿಗೆ 2,05,000, ತಮ್ಮನಿಗೆ 35,000, ಭಾವನಿಗೆ ಏನೂ ಇಲ್ಲ.

ಈ ನಷ್ಟ ಬರಿಯ ಊಹೆ. ಅದನ್ನು ಯಾರ ಖಾತೆಗೂ ಖರ್ಚು ಬರೆಯಕೂಡದು, ಕೊಟ್ಟ ಹಣವನ್ನಷ್ಟೇ ಕಳೆಯಬೇಕು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಈಗ ಬಾಕಿ ಬಂಡವಾಳ ಅಣ್ಣನದು 2,95,000, ತಮ್ಮನದು 2,65,000, ಭಾವನದು ಹಾಗೇ 1 ಲಕ್ಷ.

ಎರಡನೇ ಸಲವೂ 2,40,000 ಬಂತು ಎನ್ನಿ. ಬಾಕಿ 6,60,000ದಲ್ಲಿ ಅದನ್ನು ಕಳೆದರೆ ಗರಿಷ್ಠ ನಷ್ಟ 4,20,000, ತಲಾ 1,40,000. ಭಾವನ ಕೊರತೆ 40,000ಕ್ಕೆ ಇಳಿಯಿತು. ಅದನ್ನು ಮತ್ತೆ ಮೂಲದ 5:3ರಲ್ಲೇ ಹಂಚಬೇಕು, ಈಗ ಉಳಿದಿರುವ ಬಾಕಿಯ ಅನುಪಾತದಲ್ಲಲ್ಲ. ಅಣ್ಣನಿಗೆ 1,30,000, ತಮ್ಮನಿಗೆ 1,10,000 ಸಲ್ಲುತ್ತದೆ. ಭಾವ ಈ ಸಲವೂ ಕಾಯಬೇಕು.

ಕೊನೆಗೆ 3 ಲಕ್ಷ ಬಂದು ಎಲ್ಲವೂ ಮುಗಿಯಿತು. ಬಾಕಿ 4,20,000, ಆದ್ದರಿಂದ ನಿಜವಾದ ನಷ್ಟ 1,20,000, ತಲಾ 40,000. ಅಣ್ಣನಿಗೆ 1,25,000, ತಮ್ಮನಿಗೆ 1,15,000, ಭಾವನಿಗೆ 60,000. ಮೂರು ಕಂತು ಕೂಡಿಸಿ ನೋಡಿ: ಅಣ್ಣ 4,60,000, ತಮ್ಮ 2,60,000, ಭಾವ 60,000 ಪಡೆದಿದ್ದಾರೆ. ಒಬ್ಬೊಬ್ಬರೂ ಕಳೆದುಕೊಂಡದ್ದು ಸರಿಯಾಗಿ 40,000.

ಭಾವನ ಮಾತು ಕೇಳಿದ್ದರೆ ಎರಡು ಕಂತಿನಲ್ಲೇ ಅವರ ಕೈಗೆ 1,60,000 ಸೇರಿರುತ್ತಿತ್ತು. ಸಲ್ಲಬೇಕಾದದ್ದು 60,000 ಮಾತ್ರ. ಆಮೇಲೆ 1 ಲಕ್ಷ ವಾಪಸು ಕೇಳಲು ನೆಂಟರ ಮನೆ ಬಾಗಿಲಿಗೆ ಹೋಗಬೇಕಾಗುತ್ತಿತ್ತು. ಈ ವಿಧಾನದಲ್ಲಿ ಕೊಟ್ಟದ್ದನ್ನು ವಾಪಸು ಕೇಳುವ ಪ್ರಸಂಗವೇ ಬರುವುದಿಲ್ಲ.

ಲೆಕ್ಕ ಸರಿಯೇ ಎಂದು ತಿಳಿಯಲು ಎರಡು ಗುರುತುಗಳಿವೆ. ಪ್ರತಿ ಕಂತಿನಲ್ಲೂ ಹಂಚಿದ ಮೊತ್ತ ಕೈಯಲ್ಲಿದ್ದ ನಗದಿಗೆ ಸಮವಾಗಬೇಕು. ಕೊನೆಯಲ್ಲಿ ತೀರದೆ ಉಳಿದ ಬಾಕಿ ನಷ್ಟ ಹಂಚಿಕೆಯ ಅನುಪಾತದಲ್ಲೇ ಇರಬೇಕು. ಆರಂಭಿಸುವ ಮುನ್ನ ಮೀಸಲು ನಿಧಿ, ಹಿಂದಿನ ಲಾಭ ನಷ್ಟಗಳನ್ನು ಬಂಡವಾಳಕ್ಕೆ ಹೊಂದಿಸಿಕೊಳ್ಳಬೇಕು, ಮಾರಾಟದ ಖರ್ಚಿಗೆ ಒಂದಿಷ್ಟು ಹಣ ತೆಗೆದಿಡಬೇಕು.

ಕೊರತೆಯನ್ನು ಬೇರೆ ಅನುಪಾತದಲ್ಲಿ ಹೊರಬೇಕೆಂದು ಪಾಲುದಾರಿಕೆ ಪತ್ರದಲ್ಲಿ ಬರೆದಿದ್ದರೆ ಗಾರ್ನರ್ ಮರ್ರೆ ಸೂತ್ರ ನಡೆಯುವುದಿಲ್ಲ, ಪತ್ರದ ಮಾತೇ ನಡೆಯುತ್ತದೆ. ಆದ್ದರಿಂದ ಪಾಲುದಾರಿಕೆಯಲ್ಲಿರುವವರು ಮೊದಲ ಕಂತು ಬರುವ ಮುನ್ನವೇ ತಮ್ಮ ಪತ್ರವನ್ನು ತೆಗೆದು ಆ ಕಲಮನ್ನು ಓದಿಕೊಳ್ಳಿ.